ರಾತ್ರಿ ತಾನೇ ಹತ್ತುವ ಟಿವಿ: ಬೋರ್ಡು ಬಿಚ್ಚುವ ಮುಂಚೆ ಕೇಳಬೇಕಾದ ಮಾತು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳಲ್ಲಿ ಮನೆಮನೆಗೆ ಹೋಗಿ ಟಿವಿ, ಸೆಟ್‌ಟಾಪ್ ಬಾಕ್ಸ್ ಜೋಡಿಸುವ, ರಿಪೇರಿ ಮಾಡುವ ಗೆಳೆಯರಿಗೆ,



ನಿಮ್ಮಲ್ಲಿ ಹಲವರು ನನಗಿಂತ ಸಣ್ಣವರು, ಕೆಲವರು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತು ಬೆಸುಗೆ ಹಿಡಿಯಲು ಕಲಿತವರು. ಆ ಸಲಿಗೆಯಿಂದಲೇ ಬರೆಯುತ್ತಿದ್ದೇನೆ. ನಮ್ಮ ಕಡೆ ಈಚೆಗೆ ಒಂದು ದೂರು ಪದೇಪದೇ ಕೇಳುತ್ತಿದೆ: "ರಾತ್ರಿ ಟಿವಿ ತಾನ ಹತ್ತತೈತ್ರೀ." ಮಲಗುವಾಗ ರಿಮೋಟಿನಿಂದ ಆರಿಸಿದ ಟಿವಿ ನಡುರಾತ್ರಿ ಹತ್ತಿಕೊಂಡು ಮನೆಯವರನ್ನೆಲ್ಲ ಎಬ್ಬಿಸುತ್ತದೆ. ಇಂಥ ಮನೆಗೆ ಹೋದಾಗ ನಮ್ಮವರು ಹೇಳುವ ಮಾತುಗಳೂ ಹೆಚ್ಚುಕಡಿಮೆ ನಿಗದಿಯಾಗಿಬಿಟ್ಟಿವೆ. ಒಂದು, ಬೋರ್ಡ್ ಹೋಗಿದೆ. ಎರಡು, ಫ್ಯಾಕ್ಟರಿ ರೀಸೆಟ್ ಹೊಡೆದುಬಿಡೋಣ. ಮೂರು, ರಾತ್ರಿ ಪ್ಲಗ್ ತೆಗೆದು ಮಲಗ್ರಿ. ಮೂರನೆಯದರಿಂದ ಟಿವಿ ಹತ್ತುವುದು ನಿಲ್ಲುತ್ತದೆ, ನಿಜ. ಆದರೆ ಅದನ್ನು ಹೇಳಲು ಮೆಕ್ಯಾನಿಕ್ ಬರಬೇಕಿರಲಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟು. ಈ ಟಿವಿಗಳಲ್ಲಿ ಹೆಚ್ಚಿನವು ಕೆಟ್ಟಿರುವುದಿಲ್ಲ. ಯಾರೋ "ಹತ್ತು" ಅಂದಿರುತ್ತಾರೆ, ಅದು ಹತ್ತಿರುತ್ತದೆ. ಆ ಅಪ್ಪಣೆ ಬರುವ ದಾರಿಗಳು ಮೂರು: ಎಚ್‌ಡಿಎಮ್‌ಐ ತಂತಿ, ಮನೆಯ ವೈಫೈ, ಟಿವಿಯ ಒಳಗಿನ ಗಡಿಯಾರ. ಯಾವ ದಾರಿಯಿಂದ ಬಂತು ಎಂಬುದನ್ನು ಸ್ಕ್ರೂಡ್ರೈವರ್ ಮುಟ್ಟದೆಯೇ ಪತ್ತೆ ಮಾಡಬಹುದು. ಅದಕ್ಕೆ ಮನೆಯವರನ್ನು ಒಂದು ಪ್ರಶ್ನೆ ಕೇಳಬೇಕು, ಅದನ್ನೇ ನಾವು ಕೇಳುವುದಿಲ್ಲ: ಟಿವಿ ಹತ್ತಿದಾಗ ಪರದೆಯ ಮೇಲೆ ಏನಿತ್ತು?

ಕುಷ್ಟಗಿಯ ಒಂದು ಮನೆಯ ಸಂಗತಿ ಹೇಳುತ್ತೇನೆ. ವಯಸ್ಸಾದ ತಾಯಿ, ಮಗ, ಸೊಸೆ ಇರುವ ಮನೆ. ವಾರದಲ್ಲಿ ಒಂದೆರಡು ರಾತ್ರಿ ಟಿವಿ ಹತ್ತುತ್ತಿತ್ತು, ಹೊತ್ತು ಒಂದೇ ಅಲ್ಲ. ಮೊದಲು ಬಂದ ಹುಡುಗ ಬೋರ್ಡ್ ಬದಲಿಸಬೇಕೆಂದು ಸಾವಿರಾರು ರೂಪಾಯಿಯ ಲೆಕ್ಕ ಕೊಟ್ಟು ಹೋಗಿದ್ದ. ಅಷ್ಟರಲ್ಲಿ ಅಜ್ಜಿ ಟಿವಿ ಸ್ಟ್ಯಾಂಡಿಗೆ ಲಿಂಬಿಹಣ್ಣು ಕಟ್ಟಿಸಿದ್ದರು. ನಾನು ಅವರಿಗೆ ಕೇಳಿದೆ, "ಆಯಿ, ಟಿವಿ ಹತ್ತಿದಾಗ ಏನ್ ಕಾಣಸ್ತಿತ್ತು?" ಅವರು ತಡಮಾಡದೆ, "ಅದ ಡಿಶ್ಶಿಂದು ಗುರುತು ಬಂದು ತಿರಗತಿತ್ತಪಾ, ಆಮ್ಯಾಲೆ ಚಾನಲ್ ಬರ್ತಿತ್ತು" ಅಂದರು. ನನಗೆ ಅಲ್ಲೇ ಅರ್ಧ ಉತ್ತರ ಸಿಕ್ಕಿತ್ತು. ಟಿವಿ ತಾನಾಗಿ ಹತ್ತಿದ್ದರೆ, ಬಾಕ್ಸ್ ಮೊದಲೇ ಚಾಲೂ ಇದ್ದರೆ ನೇರವಾಗಿ ಚಾನಲ್ ಬರಬೇಕು, ಇಲ್ಲದಿದ್ದರೆ "ಸಿಗ್ನಲ್ ಇಲ್ಲ" ಎಂಬ ಫಲಕ ಬರಬೇಕು. ಬಾಕ್ಸಿನ ಗುರುತು ತಿರುಗುತ್ತಿತ್ತು ಎಂದರೆ ಬಾಕ್ಸ್ ಆ ಗಳಿಗೆಯಲ್ಲೇ ಹೊಸದಾಗಿ ಬೂಟ್ ಆಗುತ್ತಿತ್ತು.

ನಡುರಾತ್ರಿ ಬಾಕ್ಸ್ ಯಾಕೆ ಬೂಟ್ ಆಗಬೇಕು? ಕರೆಂಟ್ ಹೋಗಿ ಬಂದಿದ್ದರೆ ಆಗಬಹುದು. ಮಗನನ್ನು ಕೇಳಿದರೆ "ಕರೆಂಟ್ ಹೋಗೇ ಇಲ್ರೀ, ಫ್ಯಾನ್ ತಿರಗತಾನ ಇತ್ತು" ಎಂದು ಖಡಾಖಂಡಿತ ಹೇಳಿದ. ಹೌದು, ತಿರುಗುತ್ತಿತ್ತು. ಆ ಮನೆಯಲ್ಲಿ ಇನ್ವರ್ಟರ್ ಇತ್ತು. ಆಗ ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ರೈತರು, ಬೋರಿಗೆ ತ್ರೀಫೇಸ್ ಬರುವುದನ್ನು ಕಾಯುತ್ತ ರಾತ್ರಿ ಎದ್ದಿರುವವರು, "ಎರಡೂವರಿ ಸುಮಾರ ಹೋಗಿ ಬಂತಲ್ಲೋ" ಅಂದರು. ಇನ್ವರ್ಟರ್ ಇರುವ ಮನೆಯವರಿಗೆ ಕರೆಂಟ್ ಹೋದ ಸುದ್ದಿಯೇ ತಿಳಿಯುವುದಿಲ್ಲ. ಅವರ ಮಾತನ್ನು ಪುರಾವೆ ಎಂದು ತೆಗೆದುಕೊಳ್ಳಬೇಡಿ.

ಟಿವಿಯ ಹಿಂದೆ ಕೈಹಾಕಿ ವೈರುಗಳನ್ನು ಹಿಡಿದು ನೋಡಿದೆ. ಟಿವಿಯ ಪ್ಲಗ್ ಇನ್ವರ್ಟರ್ ಲೈನಿನ ಸಾಕೆಟ್ಟಿನಲ್ಲಿತ್ತು. ಅಲ್ಲಿ ಜಾಗ ಸಾಲದೆ ಬಾಕ್ಸಿನ ಅಡಾಪ್ಟರನ್ನು ಎಕ್ಸ್‌ಟೆನ್ಶನ್ ಎಳೆದು ಬೇರೆ ಸಾಕೆಟ್ಟಿಗೆ ಹಾಕಿದ್ದರು, ಅದು ಇನ್ವರ್ಟರ್ ಇಲ್ಲದ ಲೈನು. ಕರೆಂಟ್ ಹೋದಾಗ ಟಿವಿಗೆ ಏನೂ ಆಗುವುದಿಲ್ಲ, ಸ್ಟ್ಯಾಂಡ್‌ಬೈನಲ್ಲಿ ಕೆಂಪು ದೀಪ ಇಟ್ಟುಕೊಂಡು ಕೂತಿರುತ್ತದೆ. ಬಾಕ್ಸ್ ಸಾಯುತ್ತದೆ. ಕರೆಂಟ್ ಬಂದ ಕೂಡಲೇ ಬಾಕ್ಸ್ ಏಳುತ್ತದೆ, ಎದ್ದು ಟಿವಿಗೆ ಎಚ್‌ಡಿಎಮ್‌ಐ ತಂತಿಯಲ್ಲೇ "ಹತ್ತು" ಎನ್ನುತ್ತದೆ. ಟಿವಿ ಕೇಳಿಸಿಕೊಳ್ಳುವ ಸ್ಥಿತಿಯಲ್ಲೇ ಇರುತ್ತದಲ್ಲ, ಹತ್ತುತ್ತದೆ. ಅಜ್ಜಿಗೆ ನಾನು ಇದನ್ನು ಪಂಪ್‌ಸೆಟ್ಟಿನ ಆಟೋ ಸ್ಟಾರ್ಟರಿಗೆ ಹೋಲಿಸಿ ಹೇಳಿದೆ: ತ್ರೀಫೇಸ್ ಬಂದರೆ ಹೊಲದಲ್ಲಿ ಯಾರೂ ಇಲ್ಲದಿದ್ದರೂ ಮೋಟಾರ್ ಎಳೆಯುವುದಿಲ್ಲವೇ, ಈ ಬಾಕ್ಸೂ ಹಾಗೇ. ಅವರಿಗೆ ತಕ್ಷಣ ಹೊಳೆಯಿತು. ಲಿಂಬಿಹಣ್ಣನ್ನು ಮಾತ್ರ ಬಿಚ್ಚಿಸಲಿಲ್ಲ.

ಇಲ್ಲಿ ನಿಮ್ಮಲ್ಲಿ ನನ್ನ ಮೊದಲ ಕೋರಿಕೆ. ಇಂಥ ಅನುಮಾನ ಬಂದರೆ ರಾತ್ರಿಗಾಗಿ ಕಾಯಬೇಡಿ, ಹಗಲಲ್ಲೇ ಮನೆಯವರ ಕಣ್ಣೆದುರು ಮಾಡಿ ತೋರಿಸಿ. ಟಿವಿಯನ್ನು ರಿಮೋಟಿನಿಂದ ಆರಿಸಿ. ಬಾಕ್ಸಿನ ಸಾಕೆಟ್ ಮಾತ್ರ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆನ್ ಮಾಡಿ. ಬಾಕ್ಸ್ ಬೂಟ್ ಆಗಲು ಬೇಕಾದಷ್ಟು ಹೊತ್ತು, ಕೆಲವದಕ್ಕೆ ಒಂದೆರಡು ನಿಮಿಷ, ಸುಮ್ಮನೆ ನಿಲ್ಲಿ. ಟಿವಿ ಹತ್ತಿದರೆ ಕಳ್ಳ ಸಿಕ್ಕ. ಹತ್ತದಿದ್ದರೆ ಟಿವಿ ಮತ್ತು ಬಾಕ್ಸ್ ಎರಡರ ಕರೆಂಟನ್ನೂ ಒಟ್ಟಿಗೆ ತೆಗೆದು ಕೊಟ್ಟು ನೋಡಿ. ಕೆಲವು ಟಿವಿಗಳಿಗೆ ಕರೆಂಟ್ ಬಂದಾಗ ಸ್ಟ್ಯಾಂಡ್‌ಬೈಗೆ ಹೋಗಬೇಕೋ, ಹತ್ತಬೇಕೋ, ಮೊದಲಿದ್ದ ಸ್ಥಿತಿಗೆ ಮರಳಬೇಕೋ ಎಂಬ ಪ್ರತ್ಯೇಕ ಸೆಟಿಂಗ್ ಇರುತ್ತದೆ. ಅಂಗಡಿಯ ಪ್ರದರ್ಶನಕ್ಕೆಂದು ಹಾಕಿದ ಮೋಡಿನಲ್ಲೇ ಮನೆಗೆ ಬಂದ ಟಿವಿಗಳನ್ನೂ ಕಂಡಿದ್ದೇನೆ.

ಈಗ ಆ ತಂತಿಯ ವಿಚಾರ. ಎಚ್‌ಡಿಎಮ್‌ಐ ಕೇಬಲ್‌ನಲ್ಲಿ ಚಿತ್ರ, ಧ್ವನಿ ಹೋಗುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಅದರ 19 ಪಿನ್ನುಗಳಲ್ಲಿ 13ನೆಯದು ಬೇರೆ ಕೆಲಸಕ್ಕಿದೆ. ಅದರ ಹೆಸರು ಸಿಇಸಿ, ಅಂದರೆ ಒಂದು ಸಾಧನ ಇನ್ನೊಂದಕ್ಕೆ ಅಪ್ಪಣೆ ಕೊಡುವ ತಂತಿ. ಟಿವಿಯ ರಿಮೋಟಿನಿಂದಲೇ ಸೌಂಡ್‌ಬಾರ್‌ನ ವಾಲ್ಯೂಮ್ ಏರುವುದು, ಸ್ಟಿಕ್ಕಿನ ರಿಮೋಟ್ ಒತ್ತಿದರೆ ಟಿವಿಯೂ ಹತ್ತುವುದು ಇದರಿಂದಲೇ. ಕಂಪನಿಗಳು ಇದಕ್ಕೆ ತಮ್ಮ ತಮ್ಮ ಹೆಸರಿಟ್ಟಿವೆ: ಸ್ಯಾಮ್‌ಸಂಗ್‌ನಲ್ಲಿ `Anynet+`, ಎಲ್‌ಜಿಯಲ್ಲಿ `SIMPLINK`, ಸೋನಿಯಲ್ಲಿ `BRAVIA Sync`. ಮೆನುವಿನಲ್ಲಿ ಸಿಇಸಿ ಎಂಬ ಅಕ್ಷರ ಕಾಣದೆ ನಮ್ಮ ಹುಡುಗರು "ಈ ಟಿವಿದಾಗ ಆ ಆಪ್ಶನ್ ಇಲ್ರೀ" ಎಂದು ಬರುವುದು ಈ ಹೆಸರುಗಳ ಗೊಂದಲದಿಂದ.

ಈ ತಂತಿ ಬಹುತೇಕ ಟಿವಿಗಳಲ್ಲಿ ಎಲ್ಲ ಎಚ್‌ಡಿಎಮ್‌ಐ ಪೋರ್ಟುಗಳಿಗೂ ಒಂದೇ. ಒಬ್ಬ ಮಾತಾಡಿದರೆ ಎಲ್ಲರಿಗೂ ಕೇಳುತ್ತದೆ. ಹಾಗಾಗಿ ಕದ್ದು ಕೇಳಲೂ ಬಹುದು. ಕುಷ್ಟಗಿಯ ಮನೆಯಲ್ಲಿ ಎರಡನೆಯ ಪೋರ್ಟಿಗೆ ಒಂದು ವಿಡಿಯೊ ಸ್ಟಿಕ್ ಕೂಡ ಇತ್ತು. ತಪ್ಪು ಬಾಕ್ಸಿನದೇ, ಸ್ಟಿಕ್ಕಿನದಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ನನ್ನ ಹತ್ತಿರವಿದ್ದ ರಾಸ್ಪ್‌ಬೆರಿ ಪೈ ಎಂಬ ಚಿಕ್ಕ ಕಂಪ್ಯೂಟರನ್ನು ಮೂರನೆಯ ಪೋರ್ಟಿಗೆ ಸಿಕ್ಕಿಸಿ, ಅದನ್ನು ಇನ್ವರ್ಟರ್ ಲೈನಿನಲ್ಲಿಟ್ಟು, ಈ ಒಂದು ಸಾಲು ಕೊಟ್ಟು ಬಿಟ್ಟುಬಂದೆ:

```
cec-client -m -d 8 -f tv.log
```

`-m` ಎಂದರೆ ಬರೀ ಕೇಳು, ನೀನು ಮಾತಾಡಬೇಡ. `-d 8` ಎಂದರೆ ತಂತಿಯ ಮೇಲಿನ ಮಾತನ್ನು ಮಾತ್ರ ಬರೆದಿಡು. ಟಿವಿ ಮತ್ತೆ ಹತ್ತಿದ ಮರುದಿನ ಹೋಗಿ ನೋಡಿದರೆ ಫೈಲಿನಲ್ಲಿ ಬೇರೆ ಸಾಲುಗಳ ನಡುವೆ ಈ ಎರಡು ಇದ್ದವು:

```
>> 40:04
>> 4f:82:10:00
```

ಓದುವುದು ಕಷ್ಟವಲ್ಲ. ಮೊದಲ ಅಂಕಿ ಮಾತಾಡಿದವನು, ಎರಡನೆಯದು ಕೇಳಬೇಕಾದವನು. ಟಿವಿಯ ಸಂಖ್ಯೆ ಯಾವಾಗಲೂ 0. ಮೊದಲ ಸಾಲಿನಲ್ಲಿ 4ನೇ ಸಂಖ್ಯೆಯ ಸಾಧನ ಟಿವಿಗೆ 04 ಎಂಬ ಅಪ್ಪಣೆ ಕೊಟ್ಟಿದೆ, ಅಂದರೆ ಎದ್ದು ಚಿತ್ರ ತೋರಿಸು. ಎರಡನೆಯ ಸಾಲು ಎಲ್ಲರಿಗೂ ಸಾರಿದ್ದು: ಈಗ ನಾನೇ ಮುಂದಿದ್ದೇನೆ, ನನ್ನ ಜಾಗ 1.0.0.0. ಆ ಜಾಗವೇ ಮುಖ್ಯ. 4 ಎಂಬ ಸಂಖ್ಯೆ ಮೊದಲು ಎದ್ದ ಸಾಧನಕ್ಕೆ ಹೋಗಬಹುದು, ಇನ್ನೊಂದಕ್ಕೆ 8 ಸಿಗಬಹುದು, ಅದನ್ನು ನಂಬಿ ಕೂರಬೇಡಿ. `10:00` ಎಂದರೆ ಒಂದನೇ ಎಚ್‌ಡಿಎಮ್‌ಐ ಪೋರ್ಟ್. ಅಲ್ಲಿದ್ದದ್ದು ಸೆಟ್‌ಟಾಪ್ ಬಾಕ್ಸ್. ಸ್ಟಿಕ್ ಆಗಿದ್ದರೆ `20:00` ಬರಬೇಕಿತ್ತು.

ನೀವೆಲ್ಲ ಇಂಥ ಯಂತ್ರ ಹೊತ್ತು ತಿರುಗಿ ಎನ್ನುತ್ತಿಲ್ಲ. ಯಂತ್ರವಿಲ್ಲದೆಯೂ ಇದೇ ಉತ್ತರ ಸಿಗುತ್ತದೆ, ಸ್ವಲ್ಪ ನಿಧಾನ ಅಷ್ಟೆ: ಒಂದಿಷ್ಟು ರಾತ್ರಿ ಬಾಕ್ಸಿನ ಎಚ್‌ಡಿಎಮ್‌ಐ ಕೇಬಲ್ ಮಾತ್ರ ತೆಗೆದಿಡಿ, ಮತ್ತೆ ಒಂದಿಷ್ಟು ರಾತ್ರಿ ಸ್ಟಿಕ್ ಮಾತ್ರ ತೆಗೆದಿಡಿ. ಎರಡನ್ನೂ ಒಟ್ಟಿಗೆ ತೆಗೆದರೆ ಟಿವಿ ಹತ್ತುವುದು ನಿಂತೀತು, ಯಾರಿಂದ ನಿಂತಿತು ಎಂಬುದು ಮಾತ್ರ ತಿಳಿಯುವುದಿಲ್ಲ.

ಸರಿಪಡಿಸುವಾಗಲೂ ಒಂದು ಎಚ್ಚರ ಬೇಕು. ಸಿಇಸಿಯನ್ನು ಪೂರ್ತಿ ಬಂದ್ ಮಾಡಿದರೆ ರಾತ್ರಿಯ ಕಾಟ ತಪ್ಪುತ್ತದೆ, ಆದರೆ ಮರುದಿನವೇ ಫೋನ್ ಬರುತ್ತದೆ, "ಸೌಂಡ್‌ಬಾರ್ ಬಂದ್ ಆಗೇತ್ರೀ" ಎಂದು. ಎಆರ್‌ಸಿ ಎಂಬ ದಾರಿಯಲ್ಲಿ ಧ್ವನಿ ಕಳಿಸಲು ಹೆಚ್ಚಿನ ಟಿವಿಗಳು ಸಿಇಸಿಯ ಮೇಲೇ ನಿಂತಿವೆ. ಆಂಡ್ರಾಯ್ಡ್ ಟಿವಿಗಳಲ್ಲಿ ಇನ್‌ಪುಟ್ಸ್ ಮೆನುವಿನ ಒಳಗೆ `HDMI control`, `Device auto power off`, `TV auto power on` ಎಂದು ಮೂರು ಬೇರೆ ಬೇರೆ ಸ್ವಿಚ್ಚುಗಳು ಸಾಮಾನ್ಯವಾಗಿ ಇರುತ್ತವೆ. ನಾವು ಆರಿಸಬೇಕಾದ್ದು ಕೊನೆಯದೊಂದನ್ನೇ. ಕುಷ್ಟಗಿಯಲ್ಲಿ ನಾನು ಅದನ್ನಾರಿಸಿ, ಬಾಕ್ಸಿನ ಅಡಾಪ್ಟರನ್ನು ಟಿವಿ ಇರುವ ಲೈನಿಗೇ ತಂದೆ. ಎರಡರಲ್ಲಿ ಒಂದು ಮಾಡಿದ್ದರೂ ಈ ಕಾಟ ನಿಲ್ಲುತ್ತಿತ್ತು. ಇಂಥ ಬೇರೆ ಸ್ವಿಚ್ಚೇ ಇಲ್ಲದ ಟಿವಿಗಳೂ ಇವೆ. ಅಲ್ಲಿ ಬಾಕ್ಸಿನ ಸೆಟಿಂಗಿನಲ್ಲಿ ಹುಡುಕಿ, ಅಲ್ಲೂ ಇಲ್ಲದಿದ್ದರೆ 13ನೇ ಪಿನ್ ಜೋಡಿಸದ ಅಡಾಪ್ಟರ್ ಅನ್ನು ಬಾಕ್ಸಿನ ಕೇಬಲ್ಲಿಗೆ ಮಾತ್ರ ಹಾಕಬಹುದು. ಚಿತ್ರಕ್ಕೆ, ಧ್ವನಿಗೆ ಏನೂ ಆಗುವುದಿಲ್ಲ.

ಎರಡನೆಯ ದಾರಿ ವೈಫೈ. ಇದರ ಗುರುತು ಪರದೆಯ ಮೇಲೆ ಎದ್ದು ಕಾಣುತ್ತದೆ: ಟಿವಿ ಹತ್ತಿದಾಗ ಚಾನಲ್ ಇರುವುದಿಲ್ಲ, ಯೂಟ್ಯೂಬ್ ಇರುತ್ತದೆ, ಮನೆಯಲ್ಲಿ ಯಾರೂ ನೋಡದ ವಿಡಿಯೊ ಓಡುತ್ತಿರುತ್ತದೆ. ಗಂಗಾವತಿಯ ಒಂದು ಮನೆಯಲ್ಲಿ ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು, ನಡುವೆ ಒಂದೇ ವೈಫೈ. ಮೇಲಿನ ಮನೆಯ ಹುಡುಗ ರಾತ್ರಿ ಹಾಸಿಗೆಯಲ್ಲಿ ಮೊಬೈಲ್ ಹಿಡಿದು ನೋಡುವಾಗ ಹೆಬ್ಬೆರಳು ವಿಡಿಯೊದ ಮೂಲೆಯ ಕಾಸ್ಟ್ ಗುರುತಿಗೆ ತಾಗಿದರೆ ಪಟ್ಟಿಯಲ್ಲಿ ಕೆಳಗಿನ ಮನೆಯ ಟಿವಿಯೂ ಇರುತ್ತದೆ. ಅದನ್ನು ಮುಟ್ಟಿದರೆ ಕೆಳಗೆ ಟಿವಿ ಎದ್ದು ಅವನ ವಿಡಿಯೊ ಹಾಡತೊಡಗುತ್ತದೆ. ಹುಡುಗನ ಮೊಬೈಲಿನಲ್ಲಿ ಧ್ವನಿ ನಿಲ್ಲುತ್ತದೆ, ಅವನು "ನೆಟ್ ಹೋತು" ಎಂದು ಮಲಗುತ್ತಾನೆ. ಗವಿಮಠದ ಜಾತ್ರೆಗೆಂದು ಬಂದ ನೆಂಟರಿಗೆ ವೈಫೈ ಪಾಸ್‌ವರ್ಡ್ ಕೊಟ್ಟ ಮನೆಗಳಲ್ಲೂ ಹೀಗಾಗಬಹುದು.

ಇದಕ್ಕೆ ಟಿವಿ ನಿದ್ದೆಯಲ್ಲೂ ವೈಫೈ ಕೇಳುತ್ತಿರಬೇಕು. ಆ ಸೆಟಿಂಗ್ ಸ್ಯಾಮ್‌ಸಂಗ್‌ನಲ್ಲಿ `Power On with Mobile` ಎಂದು, ಎಲ್‌ಜಿಯ ಹಲವು ಮಾದರಿಗಳಲ್ಲಿ `Turn on via Wi-Fi` ಎಂದು ಇರುತ್ತದೆ. ಬೇಡದವರಿಗೆ ಆರಿಸಿ, ಪಾಸ್‌ವರ್ಡ್ ಬದಲಿಸಿ, ಬಾಡಿಗೆಯವರಿಗೆ ರೌಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಬೇರೆ ಮಾಡಿಕೊಡಿ. ಒಂದು ಸೂಕ್ಷ್ಮ ಮಾತ್ರ ಮರೆಯಬೇಡಿ. ಕಾಸ್ಟ್ ಆದದ್ದು ಟಿವಿಗಲ್ಲ, ಎಚ್‌ಡಿಎಮ್‌ಐಗೆ ಸಿಕ್ಕಿಸಿದ ಸ್ಟಿಕ್ಕಿಗೆ ಇರಬಹುದು. ಆಗ ವೈಫೈ ಅಪ್ಪಣೆ ಸ್ಟಿಕ್ಕಿಗೆ ಬರುತ್ತದೆ, ಸ್ಟಿಕ್ ಎದ್ದು ಆ 13ನೇ ಪಿನ್ನಿನಲ್ಲಿ ಟಿವಿಯನ್ನು ಎಬ್ಬಿಸುತ್ತದೆ. ನೀವು ಟಿವಿಯ ನೆಟ್‌ವರ್ಕ್ ಮೆನುವಿನಲ್ಲಿ ಎಲ್ಲ ಬಂದ್ ಮಾಡಿದರೂ ಅದು ಹತ್ತುತ್ತಲೇ ಇರುತ್ತದೆ, ಆಗ ಬೋರ್ಡಿನ ಮೇಲೆ ಅನುಮಾನ ತಿರುಗುತ್ತದೆ. ಎರಡು ದಾರಿ ಕೂಡಿದ ಇಂಥ ಕಡೆಯಲ್ಲೇ ಜನ ಹೆಚ್ಚು ಎಡವುವುದು.

ಗಡಿಯಾರದ ದಾರಿ ಮೂರನೆಯದು, ಎಲ್ಲಕ್ಕಿಂತ ಸರಳ. ಪ್ರತಿ ರಾತ್ರಿ ಒಂದೇ ಹೊತ್ತಿಗೆ ಹತ್ತಿದರೆ ಟೈಮರ್ ಎನ್ನಲು ಬುದ್ಧಿವಂತಿಕೆ ಬೇಡ. ಸಂಜೆ ನಾಲ್ಕಕ್ಕೆ ಎಂದುಕೊಂಡು ಬೆಳಗಿನ ನಾಲ್ಕಕ್ಕೆ ಇಟ್ಟಿರುತ್ತಾರೆ. ಕೆಲವು ಟಿವಿಗಳು ಟೈಮರಿನಿಂದ ಹತ್ತಿದಾಗ ಎರಡು ತಾಸು ಯಾರೂ ಬಟನ್ ಮುಟ್ಟದಿದ್ದರೆ ತಾವೇ ಆರುತ್ತವೆ. "ಹತ್ತತೈತಿ, ಆಮ್ಯಾಲೆ ತಾನ ಆರತೈತಿ" ಎಂದು ಮನೆಯವರು ಹೇಳಿದರೆ ಮೊದಲು `On Timer` ನೋಡಿ. ತೊಡಕಾಗುವುದು ಯಲಬುರ್ಗಾದ ಖಾನಾವಳಿಯೊಂದರಲ್ಲಿ ಕಂಡಂಥ ಟಿವಿಗಳಲ್ಲಿ. ಇಂಟರ್‌ನೆಟ್ ಇಲ್ಲ, ಹಳೆಯ ಮಾದರಿ, ಕರೆಂಟ್ ಹೋದಾಗ ಅದರ ಗಡಿಯಾರ 12ಕ್ಕೆ ಮರಳುತ್ತದೆ, ಟೈಮರ್ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಆರು ಗಂಟೆಗೆ ಇಟ್ಟ ಟೈಮರ್ ಆಮೇಲೆ ಕರೆಂಟ್ ಬಂದ ಆರು ತಾಸಿಗೆ ಬಡಿಯುತ್ತದೆ. ಸಂಜೆ ಏಳಕ್ಕೆ ಕರೆಂಟ್ ಬಂದಿದ್ದರೆ ರಾತ್ರಿ ಒಂದಕ್ಕೆ, ಒಂಬತ್ತಕ್ಕೆ ಬಂದಿದ್ದರೆ ಮೂರಕ್ಕೆ. ಹೊತ್ತು ದಿನಕ್ಕೊಂದು ಆಗುವುದರಿಂದ ಟೈಮರ್ ಎಂದು ಯಾರಿಗೂ ಹೊಳೆಯುವುದಿಲ್ಲ. ಟಿವಿಯ ಗಡಿಯಾರವನ್ನು ನಿಮ್ಮ ಕೈಗಡಿಯಾರದ ಪಕ್ಕ ಹಿಡಿದು ನೋಡಿದರೆ ಒಂದೇ ನಿಮಿಷದ ಕೆಲಸ. ಟಿವಿಯಲ್ಲಿ ಟೈಮರೇ ಇಲ್ಲದಿದ್ದರೆ ಬಾಕ್ಸಿನ ಕಾರ್ಯಕ್ರಮ ರಿಮೈಂಡರ್ ಪಟ್ಟಿಯನ್ನೂ ತೆಗೆದು ನೋಡಿ. ಬಾಕ್ಸ್ ಆ ಹೊತ್ತಿಗೆ ಎದ್ದರೆ ಟಿವಿಯನ್ನೂ ಜತೆಗೆ ಎಬ್ಬಿಸಬಲ್ಲದು.

ಹಾಗಾದರೆ ಬೋರ್ಡ್ ಕೆಡುವುದೇ ಇಲ್ಲವೇ? ಕೆಡುತ್ತದೆ. ಸ್ಟ್ಯಾಂಡ್‌ಬೈ ಸಪ್ಲೈನ ಕೆಪಾಸಿಟರ್ ಸೊರಗಿದ ಟಿವಿಗಳು, ಪಕ್ಕದ ಪವರ್ ಬಟನ್ನಿನಲ್ಲಿ ತೇವ, ಧೂಳು ಕೂತ ಟಿವಿಗಳು ತಾವೇ ಹತ್ತುತ್ತವೆ. ಅದನ್ನು ಹೇಳುವ ಮೊದಲು ಟಿವಿಯನ್ನು ಒಂಟಿ ಮಾಡಿ. ಎಚ್‌ಡಿಎಮ್‌ಐ ಒಂದೂ ಇರಬಾರದು, ವೈಫೈ ಮರೆಸಿರಬೇಕು, ಟೈಮರ್ ಖಾಲಿ ಇರಬೇಕು, ರಿಮೋಟಿನ ಸೆಲ್ ಹೊರಗಿರಬೇಕು. ಕರೆಂಟ್ ಹೋಗದ ರಾತ್ರಿಯಲ್ಲೂ ಆ ಸ್ಥಿತಿಯಲ್ಲಿ ಅದು ಹತ್ತಿದರೆ ಆಗ ಹಿಂದಿನ ಮುಚ್ಚಳ ಬಿಚ್ಚಿ, ನಿಮ್ಮ ಲೆಕ್ಕ ನ್ಯಾಯದ್ದು.

ಇನ್ನು ಕೆಲವು ಕೋರಿಕೆಗಳು. ಫ್ಯಾಕ್ಟರಿ ರೀಸೆಟ್ ಅನ್ನು ಮೊದಲ ಮದ್ದು ಮಾಡಬೇಡಿ. ಟೈಮರ್, ಸಿಇಸಿ, ನೆಟ್‌ವರ್ಕ್ ಎಲ್ಲ ಅಳಿಸಿ ಹೋಗುವುದರಿಂದ ಯಾವುದರಿಂದ ಹತ್ತಿತ್ತು ಎಂಬ ಗುರುತೂ ಹೋಗುತ್ತದೆ, ಕಾರ್ಖಾನೆಯ ಸೆಟಿಂಗ್ ಮರಳಿದಾಗ `TV auto power on` ಮತ್ತೆ ಚಾಲೂ ಆಗಬಹುದು, ಆಗ ಕಾಟವೂ ಮರಳುತ್ತದೆ. ಹೊಸದಾಗಿ ಜೋಡಿಸುವಾಗ ಟಿವಿ, ಬಾಕ್ಸ್, ಸ್ಟಿಕ್ಕುಗಳ ಪ್ಲಗ್ಗುಗಳನ್ನು ಒಂದೇ ಲೈನಿಗೆ ಹಾಕಿ, ಸಾಕೆಟ್ ಸಾಲದಿದ್ದರೆ ಒಂದು ಪಟ್ಟಿ ಬೋರ್ಡ್ ಹಾಕಿಸಲು ಹೇಳಿ. ಯಾವ ಪೋರ್ಟಿಗೆ ಏನಿದೆ ಎಂದು ಟಿವಿಯ ಹಿಂದೆ ಮಾರ್ಕರ್‌ನಿಂದ ಬರೆದುಬಿಡಿ, ನಿಮ್ಮ ನಂತರ ಬರುವವನಿಗೆ ಕುಷ್ಟಗಿಯಂಥ ಮನೆಯಲ್ಲಿ ಅದು ಅರ್ಧ ಕೆಲಸ ಉಳಿಸುತ್ತದೆ. ಒಂಟಿಯಾಗಿ ಇರುವ ಹಿರಿಯರ ಮನೆಯಲ್ಲಿ, ಸೌಂಡ್‌ಬಾರ್ ಇಲ್ಲದಿದ್ದರೆ, ತಾನಾಗಿ ಹತ್ತುವ ಆ ಸೆಟಿಂಗನ್ನು ಕೇಳದೆಯೇ ಆರಿಸಿ ಬನ್ನಿ. ಕೊನೆಯದಾಗಿ, ಆ ಮನೆಯವರಿಗೆ ಒಂದು ಹಾಳೆ ಕೊಟ್ಟು ಟಿವಿ ಹತ್ತಿದ ಹೊತ್ತು ಮತ್ತು ಆಗ ಪರದೆಯ ಮೇಲೆ ಕಂಡದ್ದು ಎರಡನ್ನೇ ಬರೆದಿಡಲು ಹೇಳಿ. ಓದು ಬರದವರಾದರೆ ಮೊಮ್ಮಕ್ಕಳ ಮೊಬೈಲಿನಲ್ಲಿ ಪರದೆಯ ಫೋಟೊ ತೆಗೆಸಿದರೆ ಸಾಕು, ಫೋಟೊದ ಜತೆ ಹೊತ್ತೂ ದಾಖಲಾಗಿರುತ್ತದೆ.

ಇಷ್ಟರ ಮೇಲೂ ಬಿಡಿಸಲಾಗದ ಟಿವಿ ಸಿಕ್ಕರೆ ಕೊಪ್ಪಳಕ್ಕೆ ಬಂದಾಗ ಅಂಗಡಿಗೆ ಬನ್ನಿ. ಆ ಹಾಳೆ ಅಥವಾ ಫೋಟೊ ಮರೆಯದೆ ತನ್ನಿ. ಸಂಜೆ ನಾನು ಅಲ್ಲೇ ಇರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿಮ್ಮದೇ ಕಸುಬಿನ ಒಬ್ಬ ಹಳೆಯ ಟಿವಿ ರಿಪೇರಿಗಾರ
ಕೊಪ್ಪಳ